ಕೆಂಪು ರಕ್ತಕಣದ ಕಥಿ ಮಕ್ಕಳಿಗೆ ಹೇಳೂದು ಹೆಂಗ?

ಈ ಕಥಿ ಹೇಳೂವಾಗ ಭಾಳ ಮಂದಿ ಒಂದ ಕಡೆ ಎಡವ್ತಾರ. ಕಣ ಹಾರ್ಟಿಂದ ಹೊಂಟು ತಲಿ, ಕೈ, ಹೊಟ್ಟಿ, ಕಾಲು ಎಲ್ಲಾ ಒಂದ ರೌಂಡಿನಾಗ ಅಡ್ಡಾಡಿ ಬರ್ತೈತಿ ಅಂತ ಹೇಳಿಬಿಡ್ತಾರ. ಹಂಗ ಆಗೂದಿಲ್ಲ, ಸಾಮಾನ್ಯವಾಗಿ ಒಂದು ರೌಂಡಿಗೆ ಒಂದ ಜಾಗ. ಕರುಳಿಗೆ ಹೋದದ್ದು ಮಾತ್ರ ಲಿವರ್ ಹಾದು ಬರ್ತೈತಿ, ಅದನ್ನ ಸಣ್ಣವರಿಗೆ ಬಿಟ್ಟಬಿಡ್ರಿ.

ಮೊದಲ ಹೀರೋಗೆ ಒಂದು ಹೆಸರಿಡ್ರಿ, ಕೆಂಪ್ಯಾ ಅನ್ರಿ. ಹುಟ್ಟಿದ್ದು ಎಲುಬಿನ ಮಜ್ಜಿಯೊಳಗ, ಎರಡೂ ಬದಿ ನಡುವ ತಗ್ಗಿರೂ ಚಪ್ಪಟಿ ಬಿಲ್ಲಿ, ಅಷ್ಟ ಸಾಕು.

ಆಮ್ಯಾಲ ಊರು ಗೊತ್ತುಮಾಡ್ರಿ. ನಾನಂತೂ ಬಾಗಲಕೋಟಿ ಸಾಲಿ ಮೈದಾನದಾಗ ಖೋಖೋ ಆಡೂ ಹುಡುಗಿ ಮೀನಖಂಡಕ್ಕ ಕಳಸ್ತೀನಿ.

ಈಗ ಹಾರ್ಟು, ಇಲ್ಲೇ ಅವಸರ ಮಾಡಬ್ಯಾಡ್ರಿ. ನೆಲದ ಮ್ಯಾಲ ಖಡುವಿನಿಂದ ನಾಕು ಖೋಲಿ ಬರೀರಿ, ಬಲಕ್ಕ ಮ್ಯಾಲ-ಕೆಳಗ ಎರಡು, ಎಡಕ್ಕ ಎರಡು, ನಡುವ ದಪ್ಪ ಗೋಡಿ. ಬಾಜೂಕ ಶ್ವಾಸಕೋಶ, ದೂರ ಮೀನಖಂಡ. ಮಗುವಿನ ಕೈಯಾಗ ಆಕ್ಸಿಜನ್ ಅಂತ ನಾಕು ಹುಣಸಿಬೀಜ ಕೊಟ್ಟು ಶ್ವಾಸಕೋಶದಿಂದ ಹೊಂಡಸ್ರಿ. ಎಡಗಡಿ ಮ್ಯಾಲಿನ ಖೋಲಿ, ಎಡಗಡಿ ಕೆಳಗಿನ ಖೋಲಿ, ಅಲ್ಲಿಂದ ಜೋರಾಗಿ ನೂಕಿಸಿಕೊಂಡು ಮೀನಖಂಡ. ವಾಪಸ್ ಬರೂವಾಗ ಬಲಗಡಿ ಮ್ಯಾಲಿನ ಖೋಲಿ, ಕೆಳಗಿನ ಖೋಲಿ, ಮತ್ತ ಶ್ವಾಸಕೋಶ. ಅಂದ್ರ ಒಂದು ರೌಂಡಿಗೆ ಹಾರ್ಟಿಗೆ ಎರಡು ಸಲ ಬಂದಂಗಾತು. ಮಗು ಬಲಗಡಿಂದ ಗೋಡಿ ದಾಟಿ ಸೀದಾ ಎಡಕ್ಕ ಜಿಗಿದ್ರ ಬೈಬ್ಯಾಡ್ರಿ, ಹಂಗ ಮೀನಖಂಡಕ್ಕ ಕಳಸ್ರಿ, ಬೀಜ ಕಡಿಮಿ ಬಿದ್ದದ್ದು ನೋಡಿ ತಾನ ಕೇಳ್ತೈತಿ, ಆಗ ಶ್ವಾಸಕೋಶ ಯಾಕ ಬಿಡಬಾರದು ಅಂತ ಹೇಳ್ರಿ.

ಅಂಗಡ್ಯಾಗ ಸಿಗೂ ಚಾರ್ಟ್‌ನಾಗ ವಾಪಸ್ ಬರೂ ರಕ್ತ ನೀಲಿ ಇರ್ತೈತಿ, ಅದನ್ನ ತೋರಿಸಿ ಕಥಿ ಹೇಳಬ್ಯಾಡ್ರಿ. ನಮ್ಮ ರಕ್ತ ಎಂದೂ ನೀಲಿ ಆಗೂದಿಲ್ಲ, ಆಕ್ಸಿಜನ್ ಇಳಿದ ಮ್ಯಾಲ ಕಪ್ಪಗೆಂಪು ಆಗ್ತೈತಿ ಅಷ್ಟ.

ಮೀನಖಂಡದಾಗ ಓಣಿ ಎಷ್ಟು ಇಕ್ಕಟ್ಟಂದ್ರ ಕೆಂಪ್ಯಾ ಮೈ ಮಡಚಿ ಒಬ್ಬೊಬ್ಬನ ನುಸೀಬೇಕು. ಓಡಿ ಓಡಿ ಅಲ್ಲಿ ಸ್ನಾಯು ಬಿಸಿ ಆಗಿರ್ತೈತಿ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರ್ತೈತಿ, ಅದರಿಂದ ಹಿಮೋಗ್ಲೋಬಿನ್ ಹಿಡಿತ ಸಡಿಲಾಗಿ ಆಕ್ಸಿಜನ್ ಬಿಡ್ತೈತಿ. ಸುಮ್ಮ ಕುಂತಾಗ ಮೈಗೆಲ್ಲಾ ಸೇರಿ ನಾಕರಾಗ ಸುಮಾರು ಒಂದು ಬೀಜದಷ್ಟ ಇಳೀತೈತಿ, ಓಡೂ ಕಾಲಿನಾಗ ಜಾಸ್ತಿ. ಪೂರ್ತಿ ಖಾಲಿ ಮಾಡಿಸಬ್ಯಾಡ್ರಿ. ಕೆಂಪ್ಯಾ ತನಗಂತ ಒಂದೂ ಆಕ್ಸಿಜನ್ ಬಳಸೂದಿಲ್ಲ ಅನ್ನೂದನ್ನ ಮಾತ್ರ ಮರೀದ ಹೇಳ್ರಿ, ಮಕ್ಕಳು ಇಲ್ಲೇ ಕಣ್ಣರಳಸ್ತಾವ.

ಸುಮ್ಮ ಕುಂತಾಗ ಒಂದು ರೌಂಡಿಗೆ ಸುಮಾರು ಒಂದು ನಿಮಿಷ. ಹಿಂಗ 120 ದಿನದಷ್ಟು ತಿರುಗಿ ಕೆಂಪ್ಯಾ ಹಳೇದಾದ್ರ ಗುಲ್ಮ, ಲಿವರ್‌ನಾಗ ಅದನ್ನ ಒಡದು ಕಬ್ಬಿಣ ತಗದು ಮತ್ತ ಮಜ್ಜಿಗೆ ಕಳಸ್ತಾವ, ಸಾಯ್ತೈತೇನು ಅಂತ ಕೇಳಿದ್ರ ಹೌದು ಅನ್ರಿ, ಮುಚ್ಚಿಡಬ್ಯಾಡ್ರಿ. ಮರುದಿನ ಖೋಲಿ ಅವ ಇರಲಿ, ಮೀನಖಂಡ ಅಳಿಸಿ ಮೆದುಳು ಬರೀರಿ.