ನರಹುಲಿ ಹೋಯಿತು ಅಂತ ಯಾವಾಗ ಹೇಳಬಹುದು?

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದೊಂದು ಸಣ್ಣ ಚರ್ಮರೋಗ ಕ್ಲಿನಿಕ್ ಇದೆ. ಜೂನ್‌ನಲ್ಲಿ ಶಾಲೆ ಶುರುವಾದ ಎರಡನೇ ವಾರದಲ್ಲಿ ಒಬ್ಬ ಅಜ್ಜಿ ನಾಲ್ಕನೇ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಬಲಗೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡೇ ಕೂತಿದ್ದಳು. "ಪುಟ್ಟಿ, ಕೈ ತೋರ್ಸು" ಅಂದರೆ ತೋರಿಸಲಿಲ್ಲ. ಅಜ್ಜಿಯೇ ಹಿಡಿದು ತೋರಿಸಿದರು.

"ಹೋದ ದೀಪಾವಳಿಲಿ ಒಂದೇ ಇತ್ತು ಡಾಕ್ಟ್ರೇ. ಈಗ ನೋಡಿ."

ಬಲಗೈ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಎರಡು, ತೋರುಬೆರಳಲ್ಲಿ ಎರಡು, ನಡುಬೆರಳಲ್ಲಿ ಒಂದು. ಎಡಗೈ ಹಿಂಬದಿಯಲ್ಲಿ ಮೂರು ಸಣ್ಣವು, ಗೆರೆ ಎಳೆದ ಹಾಗೆ ಸಾಲಾಗಿ. ಕೆಳತುಟಿಯ ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕದು ಒಂದು. ಒಟ್ಟು ಒಂಬತ್ತು ನರಹುಲಿ.

ಅವು ಎಲ್ಲೆಲ್ಲಿ ಎದ್ದಿವೆ ಅನ್ನೋದನ್ನು ನೋಡಿದರೆ ಹೇಗೆ ಹರಡಿದವು ಅನ್ನೋದು ಅರ್ಧ ಗೊತ್ತಾಗಿಬಿಡುತ್ತದೆ. ಬಲಗೈಯ ಮೂರೂ ಬೆರಳುಗಳ ಉಗುರು ಬುಡದವರೆಗೆ ಕಚ್ಚಿ ಹೋಗಿತ್ತು. ಪಕ್ಕದ ಚರ್ಮ ಸುಲಿದು ಕೆಂಪಾಗಿತ್ತು. ಎಡಗೈ ಮೇಲಿನ ಸಾಲಿನ ಬಗ್ಗೆ ಕೇಳಿದೆ. "ಬೆಕ್ಕು ಪರಚಿತ್ತು" ಅಂದಳು. ಆ ಗೀರಿನ ಉದ್ದಕ್ಕೂ ಅವು ಎದ್ದಿದ್ದವು. ತುಟಿಗೆ ಬೆರಳಿನಿಂದಲೇ ಹೋಗಿರಬೇಕು.

ನರಹುಲಿಗೆ ಕಾರಣ ಒಂದು ವೈರಸ್. ಮನುಷ್ಯನ ಪ್ಯಾಪಿಲೋಮಾ ವೈರಸ್ ಎಂಬ ದೊಡ್ಡ ಕುಟುಂಬದ್ದು. ಕೈ ಬೆರಳಿಗೆ ಬರುವುದು ಹೆಚ್ಚಾಗಿ ಅದರ 2, 27, 57ನೇ ಬಗೆಗಳು. ಗಟ್ಟಿಯಾದ ಚರ್ಮ ದಾಟಿ ಒಳಗೆ ಹೋಗೋದು ಅದಕ್ಕೆ ಕಷ್ಟ. ಚರ್ಮದ ತಳದ ಪದರ ಸಿಕ್ಕರೆ ಮಾತ್ರ ಅಲ್ಲಿ ಮನೆ ಮಾಡುತ್ತದೆ. ಆ ದಾರಿ ತೆರೆಯುವುದು ಕಚ್ಚಿದ ಉಗುರಿನಂಚು, ಸುಲಿದ ಚರ್ಮ, ಗೀರು, ನೀರಲ್ಲಿ ನೆನೆದು ಮೆತ್ತಗಾದ ಬೆರಳು. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಇವೆಲ್ಲ ಯಾವಾಗಲೂ ಇರುತ್ತವೆ, ಅಲ್ವಾ? ಒಳಹೊಕ್ಕ ಮೇಲೂ ಗಂಟು ಕಾಣಲು ಒಂದರಿಂದ ಆರು ತಿಂಗಳು ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಗಾಗಿ "ಯಾರಿಂದ ಬಂತು" ಅಂತ ಹುಡುಕಲು ಹೊರಟರೆ ಸುಮ್ನೆ ಜಗಳವಾಗುತ್ತದೆ, ಉತ್ತರ ಸಿಗೋದಿಲ್ಲ.

ಈ ಹುಡುಗಿಗೆ ಆಗಿದ್ದೂ ಅದೇ. ಶಾಲೆಯಲ್ಲಿ ಅವಳನ್ನು ಕೊನೇ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದರು. ಅದಕ್ಕೇ ಕೈ ಬಚ್ಚಿಡುತ್ತಿದ್ದಳು. ಔಷಧಿ ಬರೆಯುವ ಮೊದಲು ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಟ್ಟೆ: ಮಗುವನ್ನು ದೂರ ಕೂರಿಸಬೇಕಾಗಿಲ್ಲ, ಆಟದಿಂದ ಬಿಡಿಸಬೇಕಾಗಿಲ್ಲ, ನರಹುಲಿ ಮೇಲೆ ಟೇಪ್ ಇರುತ್ತದೆ, ಕಚ್ಚಿದ ಪೆನ್ಸಿಲ್ ಮತ್ತು ಕೈ ಒರೆಸುವ ಬಟ್ಟೆ ಮಾತ್ರ ಬೇರೆ ಇರಲಿ. ಇದು ಕೊಳಕಿನಿಂದ ಬರುವ ರೋಗವಲ್ಲ ಎಂದೂ ಬರೆದೆ. ಮುಂದಿನ ವಾರ ಅವಳು ತನ್ನ ಹಳೇ ಜಾಗಕ್ಕೆ ಹೋದಳು.

ಅಜ್ಜಿ ಆಗಲೇ ಸುಣ್ಣಕ್ಕೆ ಸೋಡಾ ಕಲಸಿ ಒಮ್ಮೆ ಹಚ್ಚಿದ್ದರು. ನಡುಬೆರಳಿನ ಪಕ್ಕದಲ್ಲಿ ಸುಟ್ಟ ಕಲೆ ಇತ್ತು. ಅದು ಗಂಟನ್ನೂ ಸುಡುತ್ತದೆ, ಪಕ್ಕದ ಒಳ್ಳೆ ಚರ್ಮವನ್ನೂ ಸುಡುತ್ತದೆ. ಆ ಗಾಯದ ಅಂಚಿನಲ್ಲೇ ವೈರಸ್ ಮತ್ತೆ ಕೂರುತ್ತದೆ. ಗೇರು ಎಣ್ಣೆ, ಊದುಬತ್ತಿಯ ಕೆಂಡ, ಬ್ಲೇಡು, ಇವೂ ಅಷ್ಟೇ.

"ಹಂಗಾದ್ರೆ ಕರೆಂಟಲ್ಲಿ ಸುಟ್ಟುಬಿಡಿ ಡಾಕ್ಟ್ರೇ, ಒಂದೇ ದಿನಕ್ಕೆ ಹೋಗ್ಲಿ" ಅಂದರು ಅಜ್ಜಿ.

ನಾನು ಒಪ್ಪಲಿಲ್ಲ. ಪ್ರಾಕ್ಟೀಸ್ ಶುರುಮಾಡಿದ ಹೊಸತರಲ್ಲಿ ಒಬ್ಬ ಹುಡುಗನ ಹೆಬ್ಬೆರಳಿನ ಉಗುರಿನ ಬುಡದ ನರಹುಲಿಯನ್ನು ಹಾಗೇ ಸುಟ್ಟಿದ್ದೆ. ಉಗುರು ಹುಟ್ಟುವ ಜಾಗಕ್ಕೆ ಬಿಸಿ ತಗುಲಿತು. ಉಗುರು ನಡುವೆ ಸೀಳಿಕೊಂಡೇ ಬೆಳೆಯತೊಡಗಿತು, ಇವತ್ತಿಗೂ ಹಾಗೇ ಇದೆ. ನರಹುಲಿ ಮಾತ್ರ ನಾಲ್ಕೇ ತಿಂಗಳಲ್ಲಿ ಪಕ್ಕದಲ್ಲಿ ಮತ್ತೆ ಬಂತು. ಆ ಹುಡುಗನ ಬೆರಳು ನನಗೆ ಈಗಲೂ ನೆನಪಾಗುತ್ತದೆ. ಉಗುರಿನ ಬುಡದಲ್ಲಿ ಮಕ್ಕಳಿಗೆ ಸುಡುವುದನ್ನು ಅವತ್ತಿಗೇ ಬಿಟ್ಟೆ.

ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸುವುದು ಇನ್ನೊಂದು ದಾರಿ. ಕೈ ನರಹುಲಿಗೆ ಅದು ಒಳ್ಳೆಯದೇ. ಆದರೆ ಎರಡು ಮೂರು ವಾರಕ್ಕೊಮ್ಮೆಯಂತೆ ಹಲವು ಸಲ ಹೋಗಬೇಕು. ಉರಿ ಇರುತ್ತದೆ, ಗುಳ್ಳೆ ಏಳುತ್ತದೆ, ನಮ್ಮ ಕಂದು ಚರ್ಮದಲ್ಲಿ ಬಿಳಿ ಮಚ್ಚೆ ಉಳಿಯಬಹುದು. ನಮ್ಮೂರಲ್ಲಿ ಆ ಸೌಕರ್ಯ ಇಲ್ಲ. ಅಲ್ಲದೆ ಈ ಹುಡುಗಿ ಸೂಜಿ ಕಂಡರೂ ನಡುಗುತ್ತಿದ್ದಳು.

ಹಾಗಾಗಿ ಬೆರಳಿನ ಐದಕ್ಕೆ ಮಾತ್ರ ಸ್ಯಾಲಿಸಿಲಿಕ್ ಆಸಿಡ್ ಹಚ್ಚೋಣ ಅಂತ ತೀರ್ಮಾನಿಸಿದೆ. ಎಡಗೈಯ ಮೂರನ್ನೂ ತುಟಿಯದನ್ನೂ ಮುಟ್ಟಲಿಲ್ಲ. ಈ ಔಷಧಿಯನ್ನು ಮುಖಕ್ಕೆ, ತುಟಿಗೆ ಹಚ್ಚಲೇಬಾರದು. ನಾನು ಬರೆಯುವುದು 17 ಪರ್ಸೆಂಟ್ ಸ್ಯಾಲಿಸಿಲಿಕ್ ಆಸಿಡ್ ಜೊತೆಗೆ ಲ್ಯಾಕ್ಟಿಕ್ ಆಸಿಡ್ ಇರುವ, ಹಚ್ಚಿದರೆ ಒಣಗಿ ಪೊರೆಯಾಗುವ ದ್ರಾವಣ. ನೇಲ್ ಪಾಲಿಶ್ ಥರ ಇರುತ್ತದೆ, ಬೇಗ ಬೆಂಕಿ ಹತ್ತುತ್ತದೆ. "ದೀಪದ ಹತ್ರ, ಒಲೆ ಹತ್ರ ಹಚ್ಚಬೇಡಿ ಅಜ್ಜಿ" ಅಂತ ಎರಡು ಸಲ ಹೇಳಿದೆ.

ಹಚ್ಚುವ ಕ್ರಮವನ್ನು ಅಲ್ಲೇ ಒಂದು ಬೆರಳಿಗೆ ಮಾಡಿ ತೋರಿಸಿದೆ. ರಾತ್ರಿ ಊಟವಾದ ಮೇಲೆ ಬೆರಳನ್ನು ಐದು ನಿಮಿಷ ಬೆಚ್ಚಗಿನ ನೀರಲ್ಲಿ ನೆನೆಸಬೇಕು. ಒರೆಸಿ, ಉಗುರು ಉಜ್ಜುವ ರಟ್ಟಿನ ಫೈಲ್‌ನಿಂದ ಮೇಲಿನ ಬಿಳಿ ಪದರ ಮಾತ್ರ ಉಜ್ಜಬೇಕು. ರಕ್ತ ಬರುವವರೆಗೆ ಅಲ್ಲ. ಉಜ್ಜಿದ ಆ ಫೈಲನ್ನು ಬಿಸಾಕಬೇಕು. ಅದರಲ್ಲೇ ಇನ್ನೊಬ್ಬರು ಉಗುರು ಉಜ್ಜಿಕೊಂಡರೆ ಅವರಿಗೂ ಬರಬಹುದು. ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ಹಲ್ಲುಕಡ್ಡಿಯ ತುದಿಯಿಂದ ಗಂಟಿನ ಮೇಲೆ ಒಂದು ಹನಿ ಇಡಬೇಕು. ಒಣಗಿದ ಮೇಲೆ ಅಂಟಿನ ಟೇಪ್ ಸುತ್ತಬೇಕು. ಚರ್ಮ ಕೆಂಪಾಗಿ ಉರಿ ಬಂದರೆ ಎರಡು ಮೂರು ದಿನ ಬಿಟ್ಟು ಮತ್ತೆ ಶುರುಮಾಡಬೇಕು. ಹೀಗೆ 12 ವಾರ.

ಉಗುರು ಕಚ್ಚುವುದು ನಿಲ್ಲದಿದ್ದರೆ ಇದೆಲ್ಲ ನೀರಲ್ಲಿ ಹೋಮ. ಅವಳು ಕಚ್ಚುತ್ತಿದ್ದುದು ಟಿವಿ ನೋಡುವಾಗ, ಹೋಂವರ್ಕ್ ಮಾಡುವಾಗ. ಆ ಹೊತ್ತಿನಲ್ಲೂ ಮೂರೂ ಬೆರಳಿಗೆ ಟೇಪ್ ಸುತ್ತಿಡಲು ಹೇಳಿದೆ. ಬಾಯಿಗೆ ಟೇಪ್ ತಗುಲಿದರೆ ತಾನೇ ನೆನಪಾಗಿ ಕೈ ಇಳಿಸುತ್ತಿದ್ದಳು. ಕಹಿ ಇರಲಿ ಅಂತ ಬೇವಿನೆಣ್ಣೆ ಹಚ್ಚುವೆ ಎಂದರು ಅಜ್ಜಿ. ಬೇಡವೆಂದೆ, ಚಿಕ್ಕ ಮಕ್ಕಳ ಹೊಟ್ಟೆಗೆ ಅದು ಹೋದರೆ ಅಪಾಯ.

ಮೂರು ವಾರಕ್ಕೆ ಅಜ್ಜಿ ಸಿಟ್ಟಿನಿಂದಲೇ ಬಂದರು. "ಮುಂಚೆಗಿಂತ ಅಸಹ್ಯ ಆಗಿದೆ." ನಿಜ. ಗಂಟು ಬೆಳ್ಳಗೆ ಹರಿದಂತಾಗಿತ್ತು, ಒಳಗೆ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು. ಅದನ್ನು ಬೇರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಚಿಮುಟದಿಂದ ಕೀಳಲೂ ನೋಡುತ್ತಾರೆ. ಅವು ಬೇರಲ್ಲ. ನರಹುಲಿಗೆ ರಕ್ತ ತರುವ ಸಣ್ಣ ನಾಳಗಳು ಹೆಪ್ಪುಗಟ್ಟಿದ ಗುರುತು. ಉಜ್ಜಿದಾಗ ಅವು ಕಾಣಿಸಿದರೆ ನಾವು ಸರಿಯಾದ ಜಾಗದಲ್ಲೇ ಇದ್ದೇವೆ, ಕೆಲಸ ಇನ್ನೂ ಮುಗಿದಿಲ್ಲ ಅಂತ ಅರ್ಥ.

ಎಡವಿದ್ದು ಜುಲೈ ಕೊನೆಯಲ್ಲಿ. ಗಂಟುಗಳು ಚರ್ಮದ ಮಟ್ಟಕ್ಕೆ ಇಳಿದಿದ್ದವು. ಹೋಯಿತು ಅಂತ ಮನೆಯವರು ಔಷಧಿ ನಿಲ್ಲಿಸಿದರು. ವರಮಹಾಲಕ್ಷ್ಮಿ ಹಬ್ಬ, ಗೌರಿ ಗಣೇಶ ಎಲ್ಲ ಮುಗಿಸಿಕೊಂಡು ಬಂದಾಗ ಐದರಲ್ಲಿ ಮೂರು ಮತ್ತೆ ಎದ್ದಿದ್ದವು. ಇದು ಅವರ ತಪ್ಪಲ್ಲ. ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ನಾನು ಸರಿಯಾಗಿ ತೋರಿಸಿರಲಿಲ್ಲ.

ಅವತ್ತು ಹುಡುಗಿಗೇ ಭೂತಗನ್ನಡಿ ಕೊಟ್ಟೆ. "ನಿನ್ನ ಕಿರುಬೆರಳಿನ ತುದಿ ನೋಡು, ಗೆರೆ ಕಾಣ್ತಾವಾ? ಈಗ ತೋರುಬೆರಳು ನೋಡು."

"ಇಲ್ಲಿ ಗೆರೆ ಪಕ್ಕಕ್ಕೆ ಹೋಗ್ತಾವೆ ಸರ್" ಅಂದಳು.

ಅಷ್ಟೇ ವಿಷಯ. ನರಹುಲಿ ಇರುವ ಜಾಗದಲ್ಲಿ ಚರ್ಮದ ಗೆರೆಗಳು ಅದನ್ನು ಸುತ್ತಿಕೊಂಡು ಹೋಗುತ್ತವೆ, ಮೇಲೆ ಹಾಯುವುದಿಲ್ಲ. ಗಂಟು ಮಟ್ಟವಾದರೂ ಒಳಗೆ ವೈರಸ್ ಇದ್ದರೆ ಗೆರೆ ಮುರಿದೇ ಇರುತ್ತದೆ. ಈ ಬದಿಯಿಂದ ಆ ಬದಿಗೆ ಗೆರೆ ನೇರ ಹಾದುಹೋಗಿ, ಕಪ್ಪು ಚುಕ್ಕೆ ಒಂದೂ ಇಲ್ಲದಿದ್ದರೆ ಹೋಯಿತು. ಕೈ ಮುಟ್ಟಿ ನುಣ್ಣಗಿದೆ ಅಂತ ನಂಬಬಾರದು. ಉಗುರಿನ ಅಂಚಿನಲ್ಲಿ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ. ಅಲ್ಲಿ ಮಾತ್ರ, ಹೋಯಿತು ಅನಿಸಿದ ಮೇಲೂ ಎರಡು ವಾರ ಮುಂದುವರಿಸಲು ಹೇಳುತ್ತೇನೆ.

ಇಷ್ಟು ತಡ ಯಾಕೆ ಎಂದು ಹುಡುಗಿಯ ತಾಯಿ ಕೇಳಿದರು. ಈ ವೈರಸ್ ಚರ್ಮದ ಮೇಲಿನ ಪದರಗಳಲ್ಲೇ ಬದುಕುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ಜೀವಕೋಶವನ್ನು ಒಡೆದು ಗಲಾಟೆ ಮಾಡುವುದಿಲ್ಲ. ಸತ್ತು ಉದುರುವ ಚರ್ಮದ ಜೊತೆ ಸದ್ದಿಲ್ಲದೆ ಹೊರಗೆ ಹೋಗುತ್ತದೆ. ದೇಹದ ಕಾವಲಿಗೆ ಅದು ಬಂದಿದೆ ಅಂತಲೇ ಬಹಳ ದಿನ ಗೊತ್ತಾಗುವುದಿಲ್ಲ. ಏನೂ ಮಾಡದೆ ಬಿಟ್ಟರೂ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನಕ್ಕೆ ಒಂದು ವರ್ಷದಲ್ಲಿ, ಮೂರರಲ್ಲಿ ಇಬ್ಬರಿಗೆ ಎರಡು ವರ್ಷದಲ್ಲಿ ತಾನೇ ಹೋಗುತ್ತದೆ. ದೇವರಿಗೆ ಹರಕೆ ಹೊತ್ತವರಿಗೂ, ಕುದುರೆ ಬಾಲದ ಕೂದಲು ಕಟ್ಟಿದವರಿಗೂ ಹೋಗುವುದು ಇದೇ ಲೆಕ್ಕದಲ್ಲಿ. ಆಸಿಡ್ ಆ ಕಾಯುವಿಕೆಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಗಂಟನ್ನು ಕೆದಕಿ ಕಾವಲನ್ನು ಎಬ್ಬಿಸುತ್ತದೆ ಅಂತಲೂ ನಾವು ಅಂದುಕೊಳ್ಳುತ್ತೇವೆ. ನೋವಿಲ್ಲದ ಒಂದೆರಡು ನರಹುಲಿ ಇರುವ ಮಗುವಿಗೆ ನಾನು ಎಷ್ಟೋ ಸಲ ಏನೂ ಬರೆಯದೆ ಕಳಿಸುತ್ತೇನೆ. ಬೇಗ ಬೆಳೆಯುವುದು, ತಾನಾಗಿ ರಕ್ತ ಬರುವುದು, ಬಣ್ಣ ಬದಲಾಗುವುದು ಕಂಡರೆ ಅಥವಾ ಮಗುವಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ನಡೆಯುತ್ತಿದ್ದರೆ ಮಾತ್ರ ಕಾಯುವುದಿಲ್ಲ.

ಸೆಪ್ಟೆಂಬರ್‌ನಿಂದ ಅಜ್ಜಿ ಮತ್ತೆ ಶುರುಮಾಡಿದರು. ಕ್ಯಾಲೆಂಡರ್‌ನಲ್ಲಿ ಹಚ್ಚಿದ ರಾತ್ರಿಗೆಲ್ಲ ಗೆರೆ ಹಾಕಿದರು. ಭಾನುವಾರ ಹುಡುಗಿಯೇ ಭೂತಗನ್ನಡಿ ಹಿಡಿದು ಪರೀಕ್ಷೆ ಮಾಡುತ್ತಿದ್ದಳಂತೆ.

ದೀಪಾವಳಿ ಕಳೆದ ವಾರ ಬಂದರು. ಐದೂ ಜಾಗದಲ್ಲಿ ಚುಕ್ಕೆ ಇರಲಿಲ್ಲ. ಬೆರಳ ತುದಿಯಲ್ಲಿ ಗೆರೆಗಳು ನೇರ ಹಾದಿದ್ದವು. ಎಡಗೈ ತಿರುಗಿಸಿದೆ. ಬೆಕ್ಕು ಪರಚಿದ ಸಾಲಿನ ಮೂರೂ ಇರಲಿಲ್ಲ. ತುಟಿಯದೂ ಇರಲಿಲ್ಲ.

"ಅದಕ್ಕೆ ನೀವು ಏನೂ ಹಚ್ಚಿರ್ಲಿಲ್ವಲ್ಲ ಡಾಕ್ಟ್ರೇ?" ಅಂದರು ಅಜ್ಜಿ.

ಇಲ್ಲ ಅಜ್ಜಿ, ಮುಟ್ಟೇ ಇಲ್ಲ ಅಂದೆ. ಎಲ್ಲವೂ ಹದಿನೈದು ದಿನದ ಒಳಗೆ ಒಟ್ಟಿಗೆ ಹೋದವಂತೆ. ಅವಳ ದೇಹದ ಕಾವಲು ಕೊನೆಗೂ ಗುರುತು ಹಿಡಿದಿತ್ತು. ಐದರಲ್ಲಿ ಔಷಧಿಯ ಪಾಲೆಷ್ಟು, ಸಮಯದ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲು ಬರುವುದಿಲ್ಲ, ಅಜ್ಜಿಗೂ ಹಾಗೇ ಹೇಳಿದೆ. ಹುಡುಗಿ ಎರಡೂ ಕೈಯನ್ನು ಮೇಜಿನ ಮೇಲೆ ಹರವಿ ಇಟ್ಟಿದ್ದಳು. ಮೂರು ಬೆರಳಲ್ಲೂ ಉಗುರು ಅರಿಶಿನ ಬಣ್ಣದ ಅಂಚಿನವರೆಗೆ ಬೆಳೆದಿತ್ತು.