ಇಶಾಡ ಮಾವಿನ ರಸ ಮತ್ತು ನನ್ನ ಹೊಟ್ಟೆ: ನಾನು ಕಾರಣ ಹುಡುಕಿದ್ದು ಹೀಗೆ

ಮೇ ತಿಂಗಳು ಬಂತೆಂದರೆ ಅಂಕೋಲೆಯಲ್ಲಿ ಕರಿ ಇಶಾಡದ ಪರಿಮಳ. 2023ರಲ್ಲಿ ಭೌಗೋಳಿಕ ಗುರುತಿನ ಜಿಐ ಮಾನ್ಯತೆ ಸಿಕ್ಕ ಹಣ್ಣು ಇದು. ಕೊಯ್ದು ತಿನ್ನುವುದಕ್ಕಿಂತ ಹಿಂಡಿ ರಸ ಮಾಡಿ ಕುಡಿದರೇ ರುಚಿ ಜಾಸ್ತಿ. ನಮ್ಮ ಮನೆಯಲ್ಲೂ ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಲೋಟದ ತುಂಬ ರಸ, ಮೇಲೆ ಎರಡು ಚಮಚ ಶಿರಸಿಯ ಜೇನುತುಪ್ಪ. ಆ ಹಂಗಾಮಿನಲ್ಲಿ ನನಗೆ ಹತ್ತು ಗಂಟೆಯ ಹೊತ್ತಿಗೆ ಹೊಟ್ಟೆ ಉಬ್ಬಿ ಬಿಗಿಯಾಗುತ್ತಿತ್ತು, ಗುಡುಗುಡು ಸದ್ದು, ಗಾಳಿ. ಮಧ್ಯಾಹ್ನದೊಳಗೆ ನೀರಿನಂಥ ಭೇದಿ. ಜ್ವರ ಇಲ್ಲ, ವಾಂತಿ ಇಲ್ಲ, ಸಂಜೆಗೆ ಎಲ್ಲ ಸರಿ.

ಶಿರಸಿಯಿಂದ ಆಯಿ ಫೋನಿನಲ್ಲಿ, "ಉಷ್ಣ ಆಯ್ದು ಕೂಸೇ, ಮಜ್ಜಿಗೆ ಕುಡಿ" ಅಂದಳು. ಮಜ್ಜಿಗೆಯಿಂದ ಹಿತವೇನೋ ಆಗುತ್ತಿತ್ತು, ಆದರೆ ಮರುದಿನ ರಸ ಕುಡಿದರೆ ಮತ್ತೆ ಅದೇ ಕಥೆ. ನನಗೆ ಅನುಮಾನ ಹುಟ್ಟಿಸಿದ್ದು ಬಾಳೆಹಣ್ಣು. ಎರಡು ಬಾಳೆಹಣ್ಣು ತಿಂದರೂ ಏನೂ ಆಗುವುದಿಲ್ಲ. ಜೋನಿಬೆಲ್ಲ ಹಚ್ಚಿ ದೋಸೆ ತಿಂದರೂ ಏನೂ ಇಲ್ಲ. ಸಿಹಿಯೇ ಕಾರಣವಾಗಿದ್ದರೆ ಅದೂ ತೊಂದರೆ ಕೊಡಬೇಕಿತ್ತು, ಅಲ್ವಾ?

ವೈದ್ಯರು ಮೊದಲು ಮಲ ಮತ್ತು ರಕ್ತದ ಪರೀಕ್ಷೆ ಮಾಡಿಸಿದರು. ಸೋಂಕು ಇರಲಿಲ್ಲ. ಆಮೇಲೆ ಅವರು ಕೇಳಿದ್ದು, "ಬೆಳಿಗ್ಗೆ ಏನು ಕುಡಿಯುತ್ತೀರಿ? ಎಷ್ಟು?" ನಾನು ಲೋಟದ ಅಳತೆ ಹೇಳಿದೆ. ಹಣ್ಣಿನ ಸಕ್ಕರೆ, ಅಂದರೆ ಫ್ರಕ್ಟೋಸ್, ಪೂರ್ತಿ ಹೀರಿಕೆಯಾಗದೇ ಇರಬಹುದು ಎಂದು ವಿವರಿಸಿದರು.

ಸಣ್ಣ ಕರುಳಿನ ಗೋಡೆಯಲ್ಲಿ ಫ್ರಕ್ಟೋಸನ್ನು ಒಳಗೆ ಸಾಗಿಸುವ ಗ್ಲುಟ್-5 ಎಂಬ ಪ್ರೋಟೀನ್ ಇದೆ. ತದಡಿಯಿಂದ ಅಘನಾಶಿನಿಗೆ ದಾಟಿಸುವ ದೋಣಿಯ ಹಾಗೆ, ಒಂದು ಸಲಕ್ಕೆ ಹಿಡಿಸುವುದು ಇಷ್ಟೇ. ಒಮ್ಮೆಲೇ ಜಾಸ್ತಿ ಬಂದರೆ ಉಳಿದದ್ದು ಈ ದಡದಲ್ಲೇ. ಜೊತೆಯಲ್ಲಿ ಗ್ಲೂಕೋಸ್ ಇದ್ದರೆ ಫ್ರಕ್ಟೋಸ್ ಹೆಚ್ಚು ಚೆನ್ನಾಗಿ ಒಳಗೆ ಹೋಗುತ್ತದೆ. ಹಾಗಾಗಿ ಒಟ್ಟು ಫ್ರಕ್ಟೋಸ್ ಎಷ್ಟು ಎನ್ನುವಷ್ಟೇ ಮುಖ್ಯ, ಗ್ಲೂಕೋಸಿಗಿಂತ ಅದು ಎಷ್ಟು ಹೆಚ್ಚಿದೆ ಎನ್ನುವುದು. ಹೀರಿಕೆಯಾಗದೆ ಉಳಿದ ಸಕ್ಕರೆ ಕರುಳಿನೊಳಗೆ ನೀರನ್ನು ಎಳೆದುಕೊಳ್ಳುತ್ತದೆ. ಭೇದಿ ನೀರಾಗುವುದು ಅದರಿಂದ. ಅದು ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಉಬ್ಬರ, ಗಾಳಿ ಬರುವುದು ಅಲ್ಲಿಂದ.

ಈಗ ನನ್ನ ಲೋಟದ ಲೆಕ್ಕ ನೋಡಿ. 100 ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 4.5 ಗ್ರಾಂ ಫ್ರಕ್ಟೋಸ್, 2 ಗ್ರಾಂ ಗ್ಲೂಕೋಸ್, 7 ಗ್ರಾಂ ಸುಕ್ರೋಸ್ ಇರುತ್ತದೆ. ತಳಿ, ಮಾಗಿದ ಹದದ ಮೇಲೆ ಇದು ಬದಲಾಗುತ್ತದೆ. ಸುಕ್ರೋಸ್ ಅಂದರೆ ನಾವು ಬಳಸುವ ಸಕ್ಕರೆಯೇ. ಕರುಳಿನಲ್ಲಿ ಅದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ನನ್ನ ಲೋಟಕ್ಕೆ 300 ಗ್ರಾಂ ತಿರುಳು ಬೀಳುತ್ತಿತ್ತು. ಎಲ್ಲ ಕೂಡಿಸಿದರೆ 24 ಗ್ರಾಂ ಫ್ರಕ್ಟೋಸ್, ಅದರಲ್ಲಿ ಗ್ಲೂಕೋಸಿಗಿಂತ ಹೆಚ್ಚಾಗಿರುವುದು 7-8 ಗ್ರಾಂ. ಫ್ರಕ್ಟೋಸ್ ಸರಿಯಾಗಿ ಹೀರಿಕೆಯಾಗುತ್ತದೆಯೇ ಎಂದು ನೋಡಲು ಆಸ್ಪತ್ರೆಯಲ್ಲಿ ಮಾಡುವ ಉಸಿರಿನ ಪರೀಕ್ಷೆಯಲ್ಲಿ ಕುಡಿಸುವುದು ಹೆಚ್ಚಾಗಿ 25 ಗ್ರಾಂ ಫ್ರಕ್ಟೋಸ್. ಅಷ್ಟನ್ನು ಒಮ್ಮೆಲೇ ಕುಡಿದರೆ ಆರೋಗ್ಯವಾಗಿರುವ ಎಷ್ಟೋ ಜನರಿಗೂ ಪೂರ್ತಿ ಹೀರಿಕೆಯಾಗುವುದಿಲ್ಲ. ಜೇನಿನಲ್ಲೂ ಗ್ಲೂಕೋಸಿಗಿಂತ ಫ್ರಕ್ಟೋಸೇ ಜಾಸ್ತಿ. ಬಾಳೆಹಣ್ಣಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಬೆಲ್ಲದಲ್ಲಿ ಬಹುಪಾಲು ಸುಕ್ರೋಸ್, ಅದೂ ಸಮವಾಗಿಯೇ ಒಡೆಯುತ್ತದೆ. ನನ್ನ ಹೊಟ್ಟೆ ಇವೆರಡನ್ನೂ ಯಾಕೆ ಒಪ್ಪಿಕೊಂಡಿತು ಎಂದು ಆಗ ತಿಳಿಯಿತು.

ಲೆಕ್ಕ ಸರಿ ಇದ್ದರೂ ನನ್ನ ವಿಷಯದಲ್ಲಿ ಅದೇ ಕಾರಣವೋ ಎಂದು ಪರೀಕ್ಷಿಸಬೇಕಿತ್ತು. ಮೊದಲು ಮಾವು, ಜೇನು, ಕಲ್ಲಂಗಡಿ, ಸೇಬು, ಪ್ಯಾಕೆಟ್ ಜ್ಯೂಸ್ ಎಲ್ಲ ನಿಲ್ಲಿಸಿದೆ. ಹೊಟ್ಟೆ ಪೂರ್ತಿ ತಣ್ಣಗಾಗುವವರೆಗೆ ಕಾದೆ. ಆಮೇಲೆ ಬರೀ ಒಂದು ಲೋಟ ಹಾಲು ಕುಡಿದು ನೋಡಿದೆ. ಹಾಲಿನ ಸಕ್ಕರೆ ಜೀರ್ಣವಾಗದಿದ್ದರೂ ಲಕ್ಷಣ ಥೇಟ್ ಹೀಗೇ ಇರುತ್ತದೆ. ಮ್ಯಾಂಗೋ ಮಿಲ್ಕ್‌ಶೇಕ್ ಕುಡಿಯುವವರು ಈ ಹೆಜ್ಜೆ ಬಿಟ್ಟರೆ ಸುಮ್ನೆ ಮಾವನ್ನು ದೂರುವ ಹಾಗಾಗುತ್ತದೆ. ನನಗೆ ಹಾಲಿನಿಂದ ಏನೂ ಆಗಲಿಲ್ಲ.

ನಂತರ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಖಾಲಿ ಹೊಟ್ಟೆಗೆ 50 ಗ್ರಾಂ ಮಾವು. ಉಳಿದ ಊಟ ಎಂದಿನದೇ, ಬೇರೆ ಹೊಸದೇನೂ ಬೇಡ. ಒಂದೆರಡು ದಿನ ಬಿಟ್ಟು 100 ಗ್ರಾಂ, ಮತ್ತೆ ಬಿಟ್ಟು 150. ತಿಂದ ಹೊತ್ತು, ಉಬ್ಬರ ಶುರುವಾದ ಹೊತ್ತು, ಮಲದ ಹದ ಬರೆದಿಟ್ಟೆ. 100ರವರೆಗೆ ಏನೂ ಇಲ್ಲ. 150ಕ್ಕೆ ಸ್ವಲ್ಪ ಗಾಳಿ. 300 ಗ್ರಾಂ ರಸಕ್ಕೆ ಎರಡು ತಾಸಿನೊಳಗೆ ಉಬ್ಬರ, ಮಧ್ಯಾಹ್ನ ಭೇದಿ. ಅದೇ 150 ಗ್ರಾಂ ಹೋಳನ್ನು ಅನ್ನ-ಸಾರಿನ ಊಟದ ಮೇಲೆ ನಿಧಾನ ತಿಂದಾಗ ಗಾಳಿಯೂ ಇಲ್ಲ. ಊಟ ಇದ್ದರೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ, ಹಣ್ಣು ಕರುಳಿಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಅನ್ನ ಜೀರ್ಣವಾಗಿ ಬರುವ ಗ್ಲೂಕೋಸೂ ಜೊತೆಗಿರುತ್ತದೆ. ರಸಕ್ಕೆ ಸಕ್ಕರೆ ಬೆರೆಸಿದರೂ ಗ್ಲೂಕೋಸ್ ಸಿಗುತ್ತದಲ್ಲ ಎಂದು ಪಕ್ಕದ ಮನೆಯ ಅಕ್ಕ ಕೇಳಿದರು. ಸಕ್ಕರೆಯ ಜೊತೆ ಫ್ರಕ್ಟೋಸೂ ಅಷ್ಟೇ ಸೇರುತ್ತದೆ, ಹೊರೆ ಕಡಿಮೆಯಾಗುವುದಿಲ್ಲ.

ಈಗ ನಾನು ಮಾವು ಬಿಟ್ಟಿಲ್ಲ, ಯಾರೂ ಬಿಡಬೇಕಾಗಿಯೂ ಇಲ್ಲ. ಮಧ್ಯಾಹ್ನದ ಊಟದ ಮೇಲೆ ಒಂದು ಹಣ್ಣು, ಅದೇ ದಿನ ಕಲ್ಲಂಗಡಿ ಬೇಡ. ರಸ ಬೇಕೆನಿಸಿದರೆ ಚಿಕ್ಕ ಲೋಟದಲ್ಲಿ ಅರ್ಧ, ಜೇನು ಹಾಕದೆ. ಈ ಮಿತಿ ನನ್ನದು. ಒಬ್ಬೊಬ್ಬರ ಕರುಳಿನ ಶಕ್ತಿ ಒಂದೊಂದು ಥರ, ಹಾಗಾಗಿ ನನ್ನ ಗ್ರಾಂ ಲೆಕ್ಕವನ್ನೇ ಯಾರೂ ಹಿಡಿದುಕೊಳ್ಳಬೇಡಿ, ತೂಗಿ ನೋಡುವ ಕ್ರಮ ಹಿಡಿಯಿರಿ.

ನನಗೆ ನಿಜಕ್ಕೂ ಕಳವಳ ಹುಟ್ಟಿಸುವುದು ಮಕ್ಕಳ ವಿಷಯ. ಭೇದಿಯಾದ ಮಗುವಿಗೆ ಶಕ್ತಿ ಬರಲಿ ಎಂದು ಸೇಬಿನ ಜ್ಯೂಸ್ ಕುಡಿಸುವುದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಸೇಬಿನಲ್ಲಿ ಫ್ರಕ್ಟೋಸ್ ಗ್ಲೂಕೋಸಿನ ಎರಡರಷ್ಟಿದೆ, ಜೊತೆಗೆ ಸರಿಯಾಗಿ ಹೀರಿಕೆಯಾಗದ ಸಾರ್ಬಿಟಾಲ್ ಬೇರೆ. ಭೇದಿ ಇನ್ನೂ ಜೋರಾಗಬಹುದು. ಆಗ ಕೊಡಬೇಕಾದ್ದು ಓಆರ್‌ಎಸ್. ಅದರಲ್ಲಿನ ಗ್ಲೂಕೋಸ್ ಮತ್ತು ಉಪ್ಪು ಒಟ್ಟಿಗೆ ಒಳಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಚೆನ್ನಾಗಿ ಬೆಳೆಯುತ್ತಿರುವ, ಆಡಿಕೊಂಡಿರುವ ಮಗುವಿಗೆ ದಿನಾ ತೆಳು ಭೇದಿ ಇದ್ದರೆ ದಿನಕ್ಕೆ ಎಷ್ಟು ಜ್ಯೂಸ್ ಹೋಗುತ್ತಿದೆ ಎಂದು ಮೊದಲು ನೋಡಿ. ಒಂದು ವರ್ಷ ತುಂಬದ ಮಗುವಿಗೆ ಜ್ಯೂಸೇ ಬೇಡ.

ಹಣ್ಣು ನಿಲ್ಲಿಸಿದರೂ ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಇದ್ದರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತೆ ಭೇದಿಯಾದರೆ ಮನೆಯ ಪ್ರಯೋಗ ಬಿಟ್ಟು ವೈದ್ಯರ ಬಳಿ ಹೋಗಿ. ಹಣ್ಣು ಕೊಡಲು ಶುರುಮಾಡಿದ ಕೂಸು ವಾಂತಿ ಮಾಡಿ ಮಂಕಾದರೆ ತಡಮಾಡಲೇಬೇಡಿ. ಫ್ರಕ್ಟೋಸನ್ನು ಲಿವರ್ ಅರಗಿಸಲಾಗದ, ಹುಟ್ಟಿನಿಂದಲೇ ಬರುವ ಕಾಯಿಲೆಯೊಂದಿದೆ. ಅಪರೂಪದ್ದು, ಆದರೆ ಅಪಾಯದ್ದು. ಅಂಥವರಿಗೆ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡುವ ಈ ಕ್ರಮ ಸಲ್ಲದು.