ಡ್ಯುಯಲ್‌ಶಾಕ್ 4 ಅಸಲಿಯೋ ನಕಲಿಯೋ: ನಾನು ನೋಡುವ ಕ್ರಮ

ಮೈಸೂರು, ಮಂಡ್ಯದ ಕಡೆ ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್‌ಗೆ ಬರುವ ಪಿಎಸ್4 ಕಂಟ್ರೋಲರ್‌ಗಳಲ್ಲಿ ಫೋಟೋ ನೋಡಿ ನಂಬುವುದನ್ನು ನಾನು ಬಿಟ್ಟಿದ್ದೇನೆ. ಲೋಗೋ, ಡಬ್ಬ, ಹಿಂದಿನ ಸ್ಟಿಕ್ಕರ್ ಎಲ್ಲವನ್ನೂ ಚೆನ್ನಾಗಿಯೇ ನಕಲು ಮಾಡುತ್ತಾರೆ. ಹಾಗಾಗಿ ಮಾರುವವರನ್ನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬಹುದಾದ ಜಾಗದಲ್ಲೇ ಭೇಟಿ ಮಾಡುತ್ತೇನೆ. ಮೈಕ್ರೋ ಯುಎಸ್‌ಬಿ ಕೇಬಲ್ ನನ್ನದೇ ಇರಬೇಕು, ಡೇಟಾ ಹೋಗುವಂಥದ್ದೇ ಆಗಬೇಕು. ಬರೀ ಚಾರ್ಜ್ ಆಗುವ ಕೇಬಲ್ ಹಾಕಿದರೆ ಅಸಲಿಯೂ ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ.

ಲಿನಕ್ಸ್‌ನಲ್ಲಿ ಮೊದಲು ಇದು:

```
lsusb -d 054c:
```

054c ಸೋನಿಯ ಸಂಖ್ಯೆ. ಕಂಟ್ರೋಲರ್ ಸಿಕ್ಕಿಸಿದರೂ ಏನೂ ಬರದಿದ್ದರೆ, ಕೇಬಲ್ ಸರಿಯಿದೆ ಎಂದಾದರೆ, ಮಾತು ಅಲ್ಲಿಗೇ ಮುಗಿಯಿತು. ಬಂದರೆ ಅದರ ಮುಂದಿನ ನಾಲ್ಕು ಅಕ್ಷರ ನೋಡಿ. ಹಳೆಯ CUH-ZCT1 ಆದರೆ 05c4, 2016ರಲ್ಲಿ ಬಂದ CUH-ZCT2 ಆದರೆ 09cc. ಎರಡನೆಯದರಲ್ಲಿ ಟಚ್‌ಪ್ಯಾಡ್‌ನ ಮೇಲಂಚಿನಲ್ಲಿ ಬೆಳಕಿನ ತೆಳು ಗೆರೆಯೂ ಇರುತ್ತದೆ. ಸ್ಟಿಕ್ಕರ್ ಮೇಲೆ CUH-ZCT2, ಬೆಳಕಿನ ಗೆರೆಯೂ ಇದೆ, ಆದರೆ ತೆರೆಯ ಮೇಲೆ 054c:05c4 ಎಂದು ಬಂತು ಅಂದುಕೊಳ್ಳಿ. ಹೊರಗಿನದು ಒಂದು, ಒಳಗಿನದು ಇನ್ನೊಂದು. ವಾದಕ್ಕೆ ಜಾಗವೇ ಇಲ್ಲ, ಅದು ನಕಲಿ.

ಸಂಖ್ಯೆ ಹೊಂದಿತು ಎಂದ ಮಾತ್ರಕ್ಕೆ ಅಸಲಿ ಅಲ್ಲ, ಅದನ್ನೂ ಕದಿಯುತ್ತಾರೆ. ಕದಿಯಲು ಕಷ್ಟವಾಗುವುದು ಸ್ಟಿಕ್ಕಿನ ನಡವಳಿಕೆ. ಬ್ರೌಸರ್‌ನಲ್ಲಿ ಯಾವುದಾದರೂ ಗೇಮ್‌ಪ್ಯಾಡ್ ಟೆಸ್ಟರ್ ತೆರೆದು ಸ್ಟಿಕ್ಕನ್ನು ಬೇರೆ ಬೇರೆ ದಿಕ್ಕಿಗೆ ತಳ್ಳಿ ಬಿಡಿ. ಅಸಲಿಯಲ್ಲಿ ನಡುವಿನ ಅಂಕಿ ಒಮ್ಮೆ 0.00392, ಇನ್ನೊಮ್ಮೆ 0.01176 ಹೀಗೆ ಚೂರುಚೂರು ಬದಲಾಗುತ್ತಿರುತ್ತದೆ. ಎಷ್ಟು ಸಲ ಬಿಟ್ಟರೂ ಅಂಕಿ ಒಂದೇ ಕಡೆ ಅಂಟಿಕೊಂಡರೆ, ಮೆಲ್ಲಗೆ ಸರಿಸಿದಾಗ ಮೊದಲು ಅಲುಗದೆ ಆಮೇಲೆ ತಟ್ಟನೆ ಹಾರಿದರೆ, ಸಡಿಲ ಸ್ಟಿಕ್ಕನ್ನು ಫರ್ಮ್‌ವೇರ್ ಮುಚ್ಚಿಹಾಕುತ್ತಿದೆ ಎಂದೇ ನನ್ನ ಲೆಕ್ಕ. ಸ್ಟಿಕ್ ಒಂದು ಕಡೆ ವಾಲುವುದು ಮಾತ್ರ ನಕಲಿಯ ಗುರುತಲ್ಲ. ಸವೆದ ಅಸಲಿಯೂ ವಾಲುತ್ತದೆ. L2, R2 ಕೂಡ ನಿಧಾನಕ್ಕೆ ಒತ್ತಿ: ಅಂಕಿ 0ರಿಂದ 1ಕ್ಕೆ ಮೆಟ್ಟಿಲೇರಿದ ಹಾಗೆ ಹೋಗಬೇಕು.

ನಂತರ ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಜೈರೋ ಮತ್ತು ಟಚ್‌ಪ್ಯಾಡ್. ಅಗ್ಗದ ನಕಲಿಗಳಲ್ಲಿ ಟಚ್‌ಪ್ಯಾಡ್ ಬರೀ ದೊಡ್ಡ ಬಟನ್. ಕ್ಲಿಕ್ ಆಗುತ್ತದೆ, ಬೆರಳು ಎಳೆದರೆ ಗೊತ್ತಾಗುವುದಿಲ್ಲ.

ಇಷ್ಟೂ ದಾಟಿದ ಮೇಲೂ ಅನುಮಾನ ಉಳಿದರೆ, ಮಾರುವವರು ಒಪ್ಪಿದರೆ, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ. ಎರಡು ಭಾಗಗಳ ನಡುವೆ ರಿಬ್ಬನ್ ಕೇಬಲ್ ಇದೆ, ಜಗ್ಗಬೇಡಿ. ಅಸಲಿ ಬ್ಯಾಟರಿ 1000 ಎಂಎಎಚ್, ಮೇಲೆ LIP1522 ಎಂದಿರುತ್ತದೆ. ಇಲ್ಲದಿದ್ದರೆ ಬೋರ್ಡ್ ಕಡೆಗೂ ಕಣ್ಣು ಹಾಯಿಸಿ. ಹಳೆಯ ಅಸಲಿಗೆ ಯಾರೋ ಬೇರೆ ಬ್ಯಾಟರಿ ಹಾಕಿಸಿರುವುದೂ ಉಂಟು.